ಅಪ್ಪನ ಹಾರ್ಟಿಗೂ ಚಿಕ್ಕಪ್ಪನ ಕ್ಯಾನ್ಸರಿಗೂ ಒಂದೇ ಕ್ರಿಯಾಟಿನ್ ಡಬ್ಬಿ ಸಾಕಾ?

ಪ್ರಶ್ನೆ: ಡಾಕ್ಟ್ರೇ, ನಾವು ವಿಜಯನಗರದಲ್ಲಿರೋದು. ಅಪ್ಪಂಗೆ 71, ಮೂರು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಈಗ ಇಎಫ್, ಅಂದ್ರೆ ಹೃದಯ ಒಂದೊಂದು ಬಡಿತಕ್ಕೆ ರಕ್ತ ತಳ್ಳೋ ಪ್ರಮಾಣ, 30 ಪರ್ಸೆಂಟ್. ತೊಡೆ ಎಲ್ಲಾ ಕರಗೋಗಿದೆ, ಕುರ್ಚಿಯಿಂದ ಏಳೋಕೂ ಕೈ ಊರ್ಬೇಕು. ಚಿಕ್ಕಪ್ಪಂಗೆ 66, ಶ್ವಾಸಕೋಶದ ಕ್ಯಾನ್ಸರ್, ಕಿಮೋ ನಡೀತಿದೆ, 61 ಕೆಜಿ ಇದ್ದೋರು 50ಕ್ಕೆ ಇಳಿದಿದಾರೆ. ನಾನು ಜಿಮ್‌ಗೆ ಹೋಗ್ತೀನಿ, ಕ್ರಿಯಾಟಿನ್ ತಗೋತೀನಿ. ವಯಸ್ಸಾದೋರ ಮಸಲ್‌ಗೆ ತುಂಬಾ ಒಳ್ಳೇದು ಅಂತ ಎಲ್ಲಾ ಕಡೆ ಹೇಳ್ತಿದಾರೆ, ನಾವು ವೆಜಿಟೇರಿಯನ್ ಬೇರೆ. ಇಬ್ರಿಗೂ ದಿನಾ ಒಂದೊಂದು ಸ್ಕೂಪ್ ಕೊಡ್ಲಾ? ಅಮ್ಮ ಮಾತ್ರ ಕಿಡ್ನಿ ಹೋಗುತ್ತೆ ಅಂತ ಹೆದರ್ತಾರೆ.

ಉತ್ತರ: ಚಿಕ್ಕಪ್ಪಂಗೆ ಬೇಡ. ಅಪ್ಪಂಗೆ ಈಗ್ಲೇ ಬೇಡ, ಬೇಕು ಅನ್ನಿಸಿದ್ರೂ ಅವರ ಹಾರ್ಟ್ ಡಾಕ್ಟ್ರಿಗೆ ಹೇಳಿ, ಎರಡು ಟೆಸ್ಟ್ ಮಾಡ್ಸಿ ಆಮೇಲೆ. ಅಮ್ಮನ ಭಯ ಪೂರ್ತಿ ಸರಿ ಅಲ್ಲ, ಆದ್ರೆ ಅವರು ಬೆರಳಿಟ್ಟಿರೋ ಜಾಗ ಮಾತ್ರ ಸರಿಯಾಗೇ ಇದೆ, ಅದಕ್ಕೆ ಬರ್ತೀನಿ.

ಮೊದ್ಲು ನೀವು ಕೇಳಿರೋ "ವಯಸ್ಸಾದೋರ ಮಸಲ್‌ಗೆ ಒಳ್ಳೇದು" ಅನ್ನೋ ಮಾತು. ಅದು ಸುಳ್ಳಲ್ಲ. 2017ರಲ್ಲಿ ವಯಸ್ಸಾದೋರ ಮೇಲೆ ಆಗಿದ್ದ 22 ಟ್ರಯಲ್‌ಗಳನ್ನ, ಒಟ್ಟು 721 ಜನ, ಸೇರಿಸಿ ಲೆಕ್ಕ ಹಾಕಿದ್ರು, ಕ್ರಿಯಾಟಿನ್ ತಗೊಂಡೋರಿಗೆ ತಗೊಳ್ದೇ ಇದ್ದೋರಿಗಿಂತ ಸರಾಸರಿ 1.37 ಕೆಜಿ ಜಾಸ್ತಿ ಕೊಬ್ಬಿಲ್ಲದ ತೂಕ ಬಂದಿತ್ತು. ಆದ್ರೆ ಆ 22ರಲ್ಲೂ ಎಲ್ಲರೂ ವೆಯ್ಟ್ ಎತ್ತೋ ವ್ಯಾಯಾಮ ಮಾಡ್ತಿದ್ರು, ಎರಡೂ ಗುಂಪು. ಅಂದ್ರೆ ಪುಡಿ ವ್ಯಾಯಾಮದ ಮೇಲೆ ಹಾಕಿದ ಒಗ್ಗರಣೆ, ಸಾರು ಅಲ್ಲ. ಸೋಫಾ ಮೇಲೆ ಕೂತಿರೋ ತಾತಂಗೆ ಹಾಲಲ್ಲಿ ಕಲಸಿ ಕೊಟ್ರೆ ತೊಡೆ ತುಂಬ್ಕೊಳುತ್ತೆ ಅಂತ ಅದ್ರಲ್ಲಿ ಎಲ್ಲೂ ಇಲ್ಲ. ಹಾರ್ಟ್ ಫೇಲ್ಯೂರ್ ಮತ್ತೆ ಕ್ಯಾನ್ಸರ್ ಸವೆತಕ್ಕೆ ಬೇರೆ ಟ್ರಯಲ್‌ಗಳಿವೆ, ನಿಮ್ಮ ಮನೇಗೆ ಬೇಕಾಗಿರೋದು ಅವು.

ಕ್ರಿಯಾಟಿನ್ ಮಾಡೋ ಕೆಲಸ ಅರ್ಥ ಆಗ್ಬೇಕಂದ್ರೆ ಮನೆ ಯುಪಿಎಸ್ ನೆನಪು ಮಾಡ್ಕೊಳಿ. ಕರೆಂಟ್ ಹೋದ ತಕ್ಷಣ ಲೈಟ್ ಆರ್ದೇ ಇರೋ ಹಾಗೆ ನೋಡ್ಕೊಳೋದು ಬ್ಯಾಟರಿ. ಮಾಂಸಖಂಡದಲ್ಲಿ ಎಟಿಪಿ ಅನ್ನೋ ಶಕ್ತಿ ಖರ್ಚಾದ ಕ್ಷಣದಲ್ಲೇ ಅದನ್ನ ಮತ್ತೆ ತುಂಬೋದು ಫಾಸ್ಫೋಕ್ರಿಯಾಟಿನ್, ಅದೇ ಆ ಬ್ಯಾಟರಿ. ಕುರ್ಚಿಯಿಂದ ಎದ್ದೇಳೋದು, ಎರಡು ಮೆಟ್ಟಿಲು ಹತ್ತೋದು, ಇಂಥಾ ಕೆಲವೇ ಸೆಕೆಂಡಿನ ಜೋರು ಕೆಲಸಕ್ಕೆ ಅದು ಬೇಕು. ನಮ್ಮ ಲಿವರ್ ಕಿಡ್ನಿಗಳೇ ಇದನ್ನ ಸ್ವಲ್ಪ ತಯಾರಿಸ್ತವೆ, ಮಿಕ್ಕಿದ್ದು ಮೀನು ಮಾಂಸದಿಂದ ಬರುತ್ತೆ. ವೆಜಿಟೇರಿಯನ್ ಜನರ ಮಾಂಸಖಂಡದಲ್ಲಿ ಕ್ರಿಯಾಟಿನ್ ಸ್ವಲ್ಪ ಕಮ್ಮಿ ಇರುತ್ತೆ, ಪುಡಿ ತಗೊಂಡ್ರೆ ಜಾಸ್ತಿ ಏರುತ್ತೆ, ನಿಜ. ಆದ್ರೆ ಕಮ್ಮಿ ಇರೋದು ಕಾಯಿಲೆ ಅಲ್ಲ, ತಲೆತಲಾಂತರದಿಂದ ಅನ್ನ ಸಾರು ತಿಂದ್ಕೊಂಡು ಹೊಲ ಉತ್ತೋರಿದ್ರು.

ಈಗ ಹಾರ್ಟ್. ಸೋತ ಹೃದಯದ ಸ್ನಾಯುವಲ್ಲಿ ಕ್ರಿಯಾಟಿನ್ ಕಮ್ಮಿ ಆಗಿರುತ್ತೆ, ಇದು ತುಂಬಾ ಹಿಂದಿನಿಂದ ಗೊತ್ತಿರೋದು. 1997ರಲ್ಲಿ ನ್ಯೂಬಾಯರ್ ಅನ್ನೋರ ತಂಡ ಎಂಆರ್ ಸ್ಪೆಕ್ಟ್ರೋಸ್ಕೋಪಿ ಇಟ್ಕೊಂಡು ಹೃದಯದ ಫಾಸ್ಫೋಕ್ರಿಯಾಟಿನ್-ಎಟಿಪಿ ಅನುಪಾತ ಅಳೆದು, ಅದು ಯಾರಿಗೆ ಕಮ್ಮಿ ಇತ್ತೋ ಅವರು ಬೇಗ ತೀರ್ಕೊಳೋ ಸಾಧ್ಯತೆ ಜಾಸ್ತಿ ಅಂತ ತೋರ್ಸಿದ್ರು. ಅಷ್ಟು ಕೇಳಿದ ತಕ್ಷಣ ಯಾರಿಗಾದ್ರೂ ಅನ್ಸುತ್ತೆ, ಸರಿ, ಕಮ್ಮಿ ಇದ್ರೆ ಕೊಡೋಣ. ತೊಂದರೆ ಎಲ್ಲಿ ಅಂದ್ರೆ, ಹೃದಯದ ಜೀವಕೋಶದೊಳಗೆ ಕ್ರಿಯಾಟಿನ್ ಹೋಗೋಕೆ ಒಂದು ಗೇಟ್ ಇದೆ, ಸೋತ ಹೃದಯ ಆ ಗೇಟನ್ನೇ ಕಮ್ಮಿ ಮಾಡ್ಕೊಂಡಿರುತ್ತೆ, ರಕ್ತದಲ್ಲಿ ಎಷ್ಟು ತುಂಬಿಸಿದ್ರೂ ಒಳಗೆ ಹೋಗೋದು ಕಷ್ಟ. ಇಲಿಗಳಲ್ಲಿ ಜೀನ್ ಬದಲಾಯಿಸಿ ಆ ಗೇಟನ್ನ ತುಂಬಾ ಜಾಸ್ತಿ ಮಾಡಿ ನೋಡಿದ್ರು, ಹೃದಯದಲ್ಲಿ ಕ್ರಿಯಾಟಿನ್ ವಿಪರೀತ ಏರಿದ ಇಲಿಗಳ ಹೃದಯ ದಪ್ಪ ಆಗಿ ಸೋತೋಯ್ತು. ಇನ್ನೊಂದು ಕಡೆ ಕ್ರಿಯಾಟಿನ್ ಒಂಚೂರೂ ತಯಾರಾಗದ ಇಲಿಗಳು ಹಾರ್ಟ್ ಅಟ್ಯಾಕ್ ಆದ್ಮೇಲೂ ಮಿಕ್ಕ ಇಲಿಗಳಷ್ಟೇ ಚೆನ್ನಾಗಿದ್ವು. ಇಷ್ಟಾದ್ಮೇಲೆ ಹೃದಯದ ಕ್ರಿಯಾಟಿನ್ ಕೊರತೆ ಕಾಯಿಲೆಗೆ ಕಾರಣಾನಾ ಅಥವಾ ಬರೀ ಗುರುತಾ ಅನ್ನೋ ಅನುಮಾನ ಬರೋದು ಸಹಜ. ಟ್ರಾನ್ಸ್‌ಫಾರ್ಮರೇ ಸುಟ್ಟಿರೋವಾಗ ಯುಪಿಎಸ್ ಬ್ಯಾಟರಿ ವೀಕ್ ಆಗಿದೆ ಅಂತ ಕೊರಗೋದ್ರಲ್ಲಿ ಏನಿದೆ ಹೇಳಿ.

ಮನುಷ್ಯರ ಮೇಲಿನ ಟ್ರಯಲ್‌ಗಳೂ ಇದನ್ನೇ ಹೇಳ್ತವೆ. 1995ರಲ್ಲಿ ಸ್ವೀಡನ್‌ನಲ್ಲಿ ಇಎಫ್ 40ಕ್ಕಿಂತ ಕಮ್ಮಿ ಇದ್ದ 17 ಜನರಲ್ಲಿ ಕೆಲವರಿಗೆ ದಿನಕ್ಕೆ 20 ಗ್ರಾಂ ಕ್ರಿಯಾಟಿನ್ ಹತ್ತು ದಿನ, ಮಿಕ್ಕೋರಿಗೆ ಸುಮ್ನೆ ಪುಡಿ ಕೊಟ್ರು. ಇಎಫ್ ಒಂದಿಷ್ಟೂ ಬದಲಾಗ್ಲಿಲ್ಲ. ಆದ್ರೆ ಕಾಲಿನ ಮಾಂಸಖಂಡದಲ್ಲಿ ಕ್ರಿಯಾಟಿನ್ ಏರ್ತು, ಒಂದೇ ಕಾಲಲ್ಲಿ ಮಾಡೋ ವ್ಯಾಯಾಮ 21 ಪರ್ಸೆಂಟ್ ಸುಧಾರಿಸ್ತು. ಆಮೇಲಿನ ಒಂದೆರಡು ಚಿಕ್ಕ ಟ್ರಯಲ್‌ಗಳಲ್ಲೂ ಹಂಗೇ, ಕೈ ಹಿಡಿತ, ಸ್ನಾಯು ಶಕ್ತಿ ಸ್ವಲ್ಪ ಮೇಲೆ, ಹಾರ್ಟ್ ಅಲ್ಲೇ. ಸರಿ, ಕಾಲಿಗಾದ್ರೂ ಬಂತಲ್ಲ ಅಂತೀರಾ, ನಾನೂ ಹಂಗೇ ಅಂದ್ಕೊಂಡಿದ್ದೆ. ಆದ್ರೆ ಇವೆಲ್ಲ ಕೆಲವು ದಿನದ ಅಥವಾ ಕೆಲವು ವಾರದ ಟ್ರಯಲ್‌ಗಳು. ಬೆಲ್ಜಿಯಂನಲ್ಲಿ 2010ರಲ್ಲಿ ಬಂದಿದ್ದು ಸ್ವಲ್ಪ ದೊಡ್ಡದು, 70 ಹೃದಯ ರೋಗಿಗಳು, ಮೂರು ತಿಂಗಳು, ಎಲ್ಲರಿಗೂ ಕಾರ್ಡಿಯಾಕ್ ರಿಹ್ಯಾಬ್ ವ್ಯಾಯಾಮ, ಅರ್ಧ ಜನಕ್ಕೆ ಮೇಲಿಂದ ಕ್ರಿಯಾಟಿನ್. ವ್ಯಾಯಾಮದಿಂದ ಎರಡೂ ಗುಂಪು ಸುಧಾರಿಸಿದ್ರು, ಕ್ರಿಯಾಟಿನ್‌ನಿಂದ ಅದರ ಮೇಲೆ ಏನೂ ಸೇರ್ಲಿಲ್ಲ. ಕಿಡ್ನಿ ಲಿವರ್‌ಗೆ ತೊಂದರೆನೂ ಆಗ್ಲಿಲ್ಲ, ಅದನ್ನೂ ಹೇಳ್ಬೇಕು. 2012ರಲ್ಲಿ ಬ್ರೆಜಿಲ್‌ನೋರು ದಿನಕ್ಕೆ 5 ಗ್ರಾಂ ಆರು ತಿಂಗಳು ಕೊಟ್ಟು ನೋಡಿದ್ರು, ನಡೆಯೋ ಸಾಮರ್ಥ್ಯ ಏರ್ಲಿಲ್ಲ.

ಹಾರ್ಟ್ ಫೇಲ್ಯೂರಲ್ಲಿ ಕಥೆ ಸದ್ಯಕ್ಕೆ ಅಲ್ಲೇ ನಿಂತಿದೆ. ಇಪ್ಪತ್ತು, ಮೂವತ್ತು, ಎಪ್ಪತ್ತು ಜನದ ಟ್ರಯಲ್‌ಗಳು, ಇವುಗಳಿಂದ ಆಸ್ಪತ್ರೆಗೆ ಸೇರೋದು ಕಮ್ಮಿ ಆಯ್ತಾ, ಆಯಸ್ಸು ಜಾಸ್ತಿ ಆಯ್ತಾ ಅನ್ನೋದನ್ನ ಹೇಳೋಕಾಗಲ್ಲ. ನಿಮ್ಮಪ್ಪ ಈಗ ತಗೋತಿರಬಹುದಾದ ಹೊಸ ಮಾತ್ರೆಗಳು ಆ ಟ್ರಯಲ್ ನಡೆದಾಗ ಬಳಕೆಗೇ ಬಂದಿರ್ಲಿಲ್ಲ.

ಚಿಕ್ಕಪ್ಪನ ವಿಷಯ ಇನ್ನೂ ಸ್ಪಷ್ಟ. 2017ರಲ್ಲಿ ಅಮೆರಿಕದ ಅಲಯನ್ಸ್ ಅನ್ನೋ ಕ್ಯಾನ್ಸರ್ ಸಂಶೋಧನಾ ಗುಂಪು, ಜಟೋಯಿ ಅನ್ನೋ ಡಾಕ್ಟ್ರ ಮುಂದಾಳತ್ವದಲ್ಲಿ, ತೂಕ ಕಳ್ಕೊಂಡು ಹಸಿವು ಸತ್ತಿದ್ದ 263 ಕ್ಯಾನ್ಸರ್ ರೋಗಿಗಳ ಟ್ರಯಲ್ ಫಲಿತಾಂಶ ಹೊರಗಿಟ್ರು. ಐದು ದಿನ 20 ಗ್ರಾಂ, ಆಮೇಲೆ ದಿನಕ್ಕೆ 2 ಗ್ರಾಂ. ಯಾರಿಗೆ ಏನು ಸಿಗ್ತಿದೆ ಅಂತ ರೋಗಿಗೂ ಗೊತ್ತಿಲ್ಲ ಡಾಕ್ಟ್ರಿಗೂ ಗೊತ್ತಿಲ್ಲ. ಒಂದು ತಿಂಗಳಲ್ಲಿ ಹತ್ತು ಪರ್ಸೆಂಟ್ ತೂಕ ಏರಿದೋರು ಒಟ್ಟು ಮೂರೇ ಜನ, ಇಬ್ರು ಕ್ರಿಯಾಟಿನ್ ಕಡೆ, ಒಬ್ರು ಸುಮ್ನೆ ಪುಡಿ ಕಡೆ. ಹಸಿವು, ಕೈ ಹಿಡಿತ, ಜೀವನದ ಗುಣಮಟ್ಟ ಯಾವುದರಲ್ಲೂ ವ್ಯತ್ಯಾಸ ಇಲ್ಲ. ಅದಕ್ಕೂ ಮುಂಚೆ, 2006ರಲ್ಲಿ, ಜರ್ಮನಿಯಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಕಿಮೋ ತಗೋತಿದ್ದೋರಿಗೆ ಎಂಟು ವಾರ ಕೊಟ್ಟಾಗ್ಲೂ ಮಾಂಸಖಂಡ ಹೆಚ್ಚಲಿಲ್ಲ.

ಯಾಕೆ ಹಿಂಗೆ? ಜಿಮ್ ಹುಡುಗಂಗೆ ಕೆಲಸ ಮಾಡೋದು ಇವರಿಗೆ ಯಾಕೆ ಮಾಡಲ್ಲ? ಯಾಕಂದ್ರೆ ಇಬ್ರಿಗೂ ಮಾಂಸ ಕರಗೋ ಕಾರಣಾನೇ ಬೇರೆ. ಕ್ಯಾನ್ಸರ್ ಸವೆತದಲ್ಲಿ ಮಾಂಸಖಂಡ ಹಸಿವಿಂದ ಮಾತ್ರ ಕರಗ್ತಿಲ್ಲ. ಉರಿಯೂತ ಎಬ್ಬಿಸೋ ಪ್ರೋಟೀನ್‌ಗಳು ಮಾಂಸಖಂಡಕ್ಕೆ "ಒಡಿ, ಒಡಿ" ಅಂತ ಆರ್ಡರ್ ಕೊಡ್ತಿರ್ತವೆ, ಜಿಡಿಎಫ್-15 ಅನ್ನೋ ಇನ್ನೊಂದು ಮೆದುಳಿನ ಬುಡಕ್ಕೆ ಹೋಗಿ ಊಟ ಕಂಡ್ರೆ ವಾಕರಿಕೆ ಬರೋ ಹಾಗೆ ಮಾಡುತ್ತೆ. ಬ್ಯಾಟರಿ ಖಾಲಿ ಆಗಿರೋದು ಇಲ್ಲಿ ಸಮಸ್ಯೆ ಅಲ್ಲ, ಮನೇನೇ ಕೆಡವ್ತಿದಾರೆ. ಅದಕ್ಕೇ ಈಗ ಕಂಪನಿಗಳು, ಸಂಶೋಧಕರು ಓಡ್ತಿರೋದು ಆ ಆರ್ಡರ್ ಕೊಡೋನನ್ನ ತಡೆಯೋ ಕಡೆಗೆ. ಪೊನ್ಸೆಗ್ರೊಮ್ಯಾಬ್ ಅಂತ ಜಿಡಿಎಫ್-15 ಹಿಡಿಯೋ ಇಂಜೆಕ್ಷನ್ 2024ರಲ್ಲಿ ಎರಡನೇ ಹಂತದ ಟ್ರಯಲ್‌ನಲ್ಲಿ ತೂಕ ಹೆಚ್ಚಿಸಿ ತೋರ್ಸಿದೆ, ಅದು ಇನ್ನೂ ಟ್ರಯಲ್ ಹಂತದ್ದೇ.

ಕ್ಯಾನ್ಸರ್‌ನಲ್ಲಿ ಇನ್ನೊಂದು ಅನುಮಾನ ಇದೆ. 2021ರಲ್ಲಿ ಇಲಿಗಳಿಗೆ ಆಹಾರದಲ್ಲಿ ಕ್ರಿಯಾಟಿನ್ ಕೊಟ್ಟಾಗ ಕರುಳು ಮತ್ತೆ ಸ್ತನದ ಕ್ಯಾನ್ಸರ್ ಬೇರೆ ಅಂಗಗಳಿಗೆ ಹರಡೋದು ಜಾಸ್ತಿ ಆಯ್ತು ಅಂತ ಒಂದು ಪೇಪರ್ ಬಂತು. 2019ರ ಇನ್ನೊಂದು ಪೇಪರ್ ಉಲ್ಟಾ ಹೇಳಿತ್ತು, ಟಿ ಸೆಲ್‌ಗಳಿಗೆ ಕ್ರಿಯಾಟಿನ್ ಸಿಕ್ಕಿದ್ರೆ ಅವು ಗೆಡ್ಡೆ ಜೊತೆ ಚೆನ್ನಾಗಿ ಹೋರಾಡ್ತವೆ ಅಂತ, ಅದೂ ಇಲಿಯಲ್ಲೇ. ಇಲಿ ನೋಡಿ ಮನುಷ್ಯರಿಗೆ ಹೆದರೋದೂ ಬೇಡ, ಖುಷಿ ಪಡೋದೂ ಬೇಡ. ಆದ್ರೆ ಲಾಭ ಇಲ್ಲ ಅಂತ 263 ಜನದಲ್ಲಿ ನೋಡಿದ್ಮೇಲೆ ಇಷ್ಟು ಚಿಕ್ಕ ಅನುಮಾನ ಇದ್ರೂ ನಾನಂತೂ ಕೊಡಲ್ಲ.

ಒಂದು ಕಡೆ ಮಾತ್ರ ಬಾಗಿಲು ಇನ್ನೂ ತೆರೆದಿದೆ. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಹಾರ್ಮೋನ್ ತಡೆಯೋ ಚಿಕಿತ್ಸೆ ತಗೊಳೋ ಗಂಡಸರಿಗೆ ಮಾಂಸಖಂಡ ಕರಗುತ್ತೆ, ಅದು ಟೆಸ್ಟೋಸ್ಟಿರೋನ್ ಹೋಗಿದ್ದಕ್ಕೆ, ಗೆಡ್ಡೆಯ ಉರಿಯೂತದಿಂದಲ್ಲ. ಅವರಿಗೆ ವ್ಯಾಯಾಮ ಜೊತೆ 52 ವಾರ ಕ್ರಿಯಾಟಿನ್ ಕೊಡೋ ಒಂದು ಟ್ರಯಲ್‌ನ ಯೋಜನೆ ಅಮೆರಿಕದಲ್ಲಿ ಪ್ರಕಟ ಆಗಿದೆ, ಕ್ರಿಯಾಟಿನ್-52 ಅಂತಾನೇ ಅದರ ಹೆಸರು. ಚಿಕ್ಕಪ್ಪಂಗೆ ಅದು ಅನ್ವಯಿಸಲ್ಲ.

ಈಗ ಅಮ್ಮನ ಕಿಡ್ನಿ ಭಯ. ಆರೋಗ್ಯವಂತರ ಕಿಡ್ನಿಯನ್ನ ದಿನಕ್ಕೆ 3-5 ಗ್ರಾಂ ಕ್ರಿಯಾಟಿನ್ ಹಾಳು ಮಾಡುತ್ತೆ ಅನ್ನೋಕೆ ಆಧಾರ ಇಲ್ಲ. ಆದ್ರೆ ಕ್ರಿಯಾಟಿನ್ ದೇಹದಲ್ಲಿ ತಾನಾಗೇ ಕ್ರಿಯಾಟಿನಿನ್ ಆಗಿ ಬದಲಾಗುತ್ತೆ, ಹೌದು, ಒಂದು "ನಿ" ಜಾಸ್ತಿ, ಲ್ಯಾಬ್ ರಿಪೋರ್ಟಲ್ಲಿ ಕಿಡ್ನಿ ಅಳೆಯೋದು ಅದರಿಂದ್ಲೇ. ಕಿಡ್ನಿ ಎಷ್ಟು ಚೆನ್ನಾಗಿದ್ರೂ ಪುಡಿ ತಗೊಂಡ್ರೆ ಆ ನಂಬರ್ ಸ್ವಲ್ಪ ಏರುತ್ತೆ. ನಿಮ್ಮ ವಯಸ್ಸಿನೋರಿಗೆ ಏನೂ ಆಗಲ್ಲ. ಆದ್ರೆ ಹಾರ್ಟ್ ಫೇಲ್ಯೂರ್ ಮತ್ತೆ ಕಿಮೋ, ಈ ಎರಡರಲ್ಲೂ ಡಾಕ್ಟ್ರು ಔಷಧಿ ಡೋಸ್ ಹಾಕೋದೇ ಆ ನಂಬರ್ ನೋಡ್ಕೊಂಡು. ನನ್ನ ಅನುಭವದಲ್ಲಿ ಈ ಪುಡಿಯಿಂದ ಆಗೋ ದೊಡ್ಡ ಅಪಾಯ ಇದೇ.

ನಾನು ನೋಡಿದ ಒಬ್ರ ಕಥೆ ಹೇಳ್ತೀನಿ, ಗುರುತು ಸಿಗದ ಹಾಗೆ ಸ್ವಲ್ಪ ಬದಲಾಯಿಸಿದೀನಿ. ರಿಟೈರ್ಡ್ ಮೇಷ್ಟ್ರು, 70 ವರ್ಷ, ಹಾರ್ಟ್ ಫೇಲ್ಯೂರ್, ತೂಕ 54. ಮನೇಲಿ ಪ್ರತಿ ದಿನ ಬೆಳಿಗ್ಗೆ ಟಾಯ್ಲೆಟ್‌ಗೆ ಹೋಗ್ಬಂದು ತೂಕ ನೋಡಿ ಕ್ಯಾಲೆಂಡರ್ ಮೇಲೆ ಬರೀತಿದ್ರು, ಸೊಸೆ ಆ ವಿಷಯದಲ್ಲಿ ತುಂಬಾ ಶಿಸ್ತು. ಮೊಮ್ಮಗ ಜಿಮ್ ಹುಡುಗ, ತಾತಂಗೆ ಡಬ್ಬಿ ಮೇಲೆ ಬರೆದಿದ್ದ ಹಾಗೆ ಲೋಡಿಂಗ್ ಶುರು ಮಾಡ್ಸಿದ, ದಿನಕ್ಕೆ ನಾಲ್ಕು ಸ್ಕೂಪ್. ಐದನೇ ದಿನ ಕ್ಯಾಲೆಂಡರಲ್ಲಿ 55.6. ಹಾರ್ಟ್ ಪೇಷೆಂಟ್‌ಗಳಿಗೆ ನಾವು ಹೇಳ್ಕೊಟ್ಟಿರೋದೇ ಅದು, ಎರಡು ಮೂರು ದಿನದಲ್ಲಿ ತೂಕ ಜಾಸ್ತಿ ಏರಿದ್ರೆ ನೀರು ತುಂಬ್ತಿದೆ, ಫೋನ್ ಮಾಡಿ ಅಂತ. ಇವರು ಫೋನ್ ಮಾಡ್ಲಿಲ್ಲ, ನೀರಿನ ಮಾತ್ರೆ ಡಬಲ್ ಮಾಡಿದ್ರು. ಆದ್ರೆ ಆ ತೂಕ ಕಾಲಲ್ಲಿ ಶ್ವಾಸಕೋಶದಲ್ಲಿ ತುಂಬೋ ನೀರಲ್ಲ, ಕ್ರಿಯಾಟಿನ್ ಮಾಂಸಖಂಡದ ಕೋಶದೊಳಗೆ ಎಳ್ಕೊಂಡ ನೀರು. ಕಾಲು ಊದಿರ್ಲಿಲ್ಲ, ರಾತ್ರಿ ದಿಂಬು ಜಾಸ್ತಿ ಬೇಕಾಗ್ತಿರ್ಲಿಲ್ಲ, ಅದನ್ನ ಯಾರೂ ಗಮನಿಸ್ಲಿಲ್ಲ. ಡಬಲ್ ಮಾತ್ರೆಯಿಂದ ಒಣಗಿ, ಎದ್ದು ನಿಂತಾಗ ತಲೆ ತಿರುಗಿ, ಹತ್ತಿರದ ಒಂದು ಕಡೆ ರಕ್ತ ಪರೀಕ್ಷೆ ಮಾಡ್ಸಿದ್ರು.

ಮುಂಚೆ ಕ್ರಿಯಾಟಿನಿನ್ 1.1 ಇತ್ತು, ಈಗ 1.4. 70 ವರ್ಷದ ಗಂಡಸಿಗೆ ಈಗ ಬಳಸೋ ಸೂತ್ರದಲ್ಲಿ ಹಾಕಿದ್ರೆ ಕಿಡ್ನಿ ಶಕ್ತಿ 72ರಿಂದ 54ಕ್ಕೆ ಬಿತ್ತು ಅಂತ ಬರುತ್ತೆ. ನೋಡಿದ ಡಾಕ್ಟ್ರು ಕಿಡ್ನಿ ಹೊಡೀತಿದೆ ಅಂತ ಸ್ಪೈರನೊಲ್ಯಾಕ್ಟೋನ್ ನಿಲ್ಲಿಸಿದ್ರು, ಇನ್ನೊಂದು ಹಾರ್ಟ್ ಮಾತ್ರೆ ಅರ್ಧ ಮಾಡಿದ್ರು. ಅವರನ್ನ ಬೈಯೋಕಾಗಲ್ಲ, ಪುಡಿ ವಿಷಯ ಅವರಿಗೆ ಯಾರೂ ಹೇಳಿರ್ಲಿಲ್ಲ, "ಅದು ಔಷಧಿ ಅಲ್ವಲ್ಲ ಸಾರ್" ಅಂತ ಮನೆಯೋರು ಆಮೇಲೆ ನನಗೂ ಅಂದ್ರು. ಮೂರು ವಾರ ಬಿಟ್ಟು ನನ್ನ ಹತ್ರ ಬರೋ ಹೊತ್ತಿಗೆ ಕಾಲು ನಿಜವಾಗ್ಲೂ ಊದಿತ್ತು, ಬೆರಳಲ್ಲಿ ಒತ್ತಿದ್ರೆ ಗುಳಿ ಬೀಳ್ತಿತ್ತು. ಪುಡಿ ನಿಲ್ಲಿಸಿ, ಸಿಸ್ಟಾಟಿನ್ ಸಿ ಅನ್ನೋ ಇನ್ನೊಂದು ಟೆಸ್ಟ್ ಮಾಡ್ಸಿದ್ವಿ, ಅದು ಮಾಂಸಖಂಡವನ್ನೂ ಕ್ರಿಯಾಟಿನ್ನನ್ನೂ ನೆಚ್ಕೊಂಡಿಲ್ಲ. ಅದರ ಪ್ರಕಾರ ಕಿಡ್ನಿ 60ರ ಮೇಲೇ ಇತ್ತು. ಮಾತ್ರೆಗಳನ್ನ ನಿಧಾನಕ್ಕೆ ವಾಪಸ್ ಏರಿಸಿದ್ವಿ. ಇಲ್ಲಿ 0.3 ಏರಿದ್ರಲ್ಲಿ ಸ್ವಲ್ಪ ಪುಡಿಯಿಂದ, ಸ್ವಲ್ಪ ಒಣಗಿದ್ದರಿಂದ. ಬೇರೆ ಮಾಡೋ ಒಂದು ಸುಲಭದ ಸುಳಿವು ಯೂರಿಯಾ. ದೇಹ ಒಣಗಿದ್ರೆ, ಕಿಡ್ನಿ ಸೋತ್ರೆ ಯೂರಿಯಾನೂ ಏರುತ್ತೆ, ಬರೀ ಕ್ರಿಯಾಟಿನ್ ಪುಡಿಯಿಂದ ಆದ್ರೆ ಯೂರಿಯಾ ಇದ್ದಲ್ಲೇ ಇರುತ್ತೆ.

ಚಿಕ್ಕಪ್ಪನ ಕಡೆ ಇದು ಇನ್ನೂ ಸದ್ದಿಲ್ಲದೆ ಆಗುತ್ತೆ. ಶ್ವಾಸಕೋಶದ ಕ್ಯಾನ್ಸರ್‌ಗೆ ಕಾರ್ಬೋಪ್ಲಾಟಿನ್ ಕೊಡೋದು ಸಾಮಾನ್ಯ, ಅದರ ಡೋಸ್ ಕಿಡ್ನಿ ಲೆಕ್ಕದ ಮೇಲೇ ನಿಂತಿದೆ. ಸೂತ್ರ ಇದು, GFR ಅಂದ್ರೆ ಕಿಡ್ನಿ ಶಕ್ತಿಯ ನಂಬರ್, AUC ಅಂದ್ರೆ ದೇಹಕ್ಕೆ ಒಟ್ಟು ಎಷ್ಟು ಔಷಧಿ ತಾಗ್ಬೇಕು ಅಂತ ಡಾಕ್ಟ್ರು ಇಟ್ಕೊಳೋ ಗುರಿ:

```
ಡೋಸ್ (ಮಿಗ್ರಾಂ) = AUC × (GFR + 25)
```

66 ವರ್ಷ, 50 ಕೆಜಿ, ಕ್ರಿಯಾಟಿನಿನ್ 0.8 ಇದ್ರೆ ಸಾಮಾನ್ಯವಾಗಿ ಬಳಸೋ ಕಾಕ್‌ಕ್ರಾಫ್ಟ್-ಗಾಲ್ಟ್ ಲೆಕ್ಕದಲ್ಲಿ ಕಿಡ್ನಿ ಸುಮಾರು 64 ಬರುತ್ತೆ, ಎಯುಸಿ 5 ಅಂತ ಇಟ್ಕೊಂಡ್ರೆ ಡೋಸ್ ಸುಮಾರು 446 ಮಿಗ್ರಾಂ. ಅದೇ ಕ್ರಿಯಾಟಿನಿನ್ ಪುಡಿಯಿಂದ 1.0 ಆದ್ರೆ ಕಿಡ್ನಿ 51, ಡೋಸ್ 382. ಅರವತ್ತು ಚಿಲ್ಲರೆ ಮಿಗ್ರಾಂ ಕಿಮೋ ಕಮ್ಮಿ ಹೋಯ್ತು. 0.8 ಕೂಡ ನಾರ್ಮಲ್, 1.0 ಕೂಡ ನಾರ್ಮಲ್, ರಿಪೋರ್ಟಲ್ಲಿ ಎಲ್ಲೂ ಕೆಂಪು ಗುರುತು ಬರಲ್ಲ, ಯಾರಿಗೂ ಅನುಮಾನಾನೂ ಬರಲ್ಲ. ಇನ್ನು ಮಾಂಸ ಕರಗಿದೋರಲ್ಲಿ ಕ್ರಿಯಾಟಿನಿನ್ ಮೊದ್ಲೇ ಸುಳ್ಳು ಕಮ್ಮಿ ತೋರಿಸ್ತಿರುತ್ತೆ, ಅದರ ಮೇಲೆ ಪುಡಿ ಬಿದ್ರೆ ನಿಜವಾದ ಕಿಡ್ನಿ ಎಲ್ಲಿದೆ ಅಂತ ಹೇಳೋಕೇ ಆಗಲ್ಲ. ಸಿಸ್ಟಾಟಿನ್ ಸಿ ಮಾಡ್ಸೋಣ ಅಂದ್ರೆ ಕಿಮೋ ಜೊತೆ ಕೊಡೋ ಸ್ಟೀರಾಯ್ಡ್ ಅದನ್ನೂ ಏರಿಸುತ್ತೆ. ಹಾಗಾಗಿ ಚಿಕ್ಕಪ್ಪ ಈಗಾಗ್ಲೇ ಒಂದೆರಡು ವಾರ ತಗೊಂಡಿದ್ರೆ ಮುಚ್ಚಿಡಬೇಡಿ, ಮುಂದಿನ ಕಿಮೋಗೆ ಮುಂಚೆನೇ ಆಂಕಾಲಜಿಸ್ಟ್‌ಗೆ ಹೇಳಿ. ಮನೇಲಿರೋ "ಮಾಸ್ ಗೇನರ್", ಪ್ರೋಟೀನ್ ಡಬ್ಬಿಗಳ ಹಿಂದೆನೂ ಒಮ್ಮೆ ಓದಿ, ಕೆಲವಕ್ಕೆ ಕ್ರಿಯಾಟಿನ್ ಸೇರ್ಸಿರ್ತಾರೆ.

ಹಾಗಾದ್ರೆ ಚಿಕ್ಕಪ್ಪಂಗೆ ಏನು ಮಾಡೋದು? 61ರಿಂದ 50 ಅಂದ್ರೆ 18 ಪರ್ಸೆಂಟ್ ಹೋಗಿದೆ, ಇದಕ್ಕೆ ಪುಡಿ ಹುಡುಕೋ ಬದ್ಲು ಔಷಧಿ ಕೇಳ್ಬೇಕು. ನಮ್ಮ ಪಕ್ಕದಲ್ಲೇ ಪುದುಚೇರಿಯ ಜಿಪ್ಮರ್‌ನಲ್ಲಿ ಒಂದು ಒಳ್ಳೇ ಟ್ರಯಲ್ ಆಗಿ 2023ರಲ್ಲಿ ಪ್ರಕಟ ಆಯ್ತು. ಹೊಟ್ಟೆ, ಲಿವರ್-ಮೇದೋಜೀರಕ ಗ್ರಂಥಿ, ಶ್ವಾಸಕೋಶದ ಕ್ಯಾನ್ಸರ್‌ಗೆ ಕಿಮೋ ಶುರು ಮಾಡಿದ 124 ಜನ, ಅರ್ಧ ಜನಕ್ಕೆ ಒಲಾಂಜಪೀನ್ 2.5 ಮಿಗ್ರಾಂ ದಿನಕ್ಕೊಂದು, ಹನ್ನೆರಡು ವಾರ. ಐದು ಪರ್ಸೆಂಟ್‌ಗಿಂತ ಜಾಸ್ತಿ ತೂಕ ಏರಿದೋರು ಆ ಕಡೆ 60 ಪರ್ಸೆಂಟ್, ಈ ಕಡೆ 9. ಅದು ಮಾನಸಿಕ ಕಾಯಿಲೆಗೆ ಕೊಡೋ ಮಾತ್ರೆ ಅಂತ ಗೂಗಲ್‌ನಲ್ಲಿ ನೋಡಿ ಮನೆಯೋರು ಗಾಬರಿ ಆಗ್ತಾರೆ, ಆದ್ರೆ ಇಲ್ಲಿ ಬಳಸೋ ಡೋಸ್ ತುಂಬಾ ಚಿಕ್ಕದು. ನಿದ್ದೆ ಬರಿಸುತ್ತೆ, ಶುಗರ್ ಏರಿಸಬಹುದು, ಬೇರೆ ಮಾತ್ರೆ ಜೊತೆ ಹೊಂದುತ್ತಾ ನೋಡ್ಬೇಕು, ಆಂಕಾಲಜಿಸ್ಟ್ ಹತ್ರ ಹೆಸರು ಹೇಳಿ ಕೇಳಿ. ಊಟದಲ್ಲಿ ಪ್ರೋಟೀನ್ ಕೆಜಿಗೆ 1 ಗ್ರಾಂ ದಾಟಿ ಆದ್ರೆ 1.5ವರೆಗೆ, ಅಂದ್ರೆ ಅವರಿಗೆ 50ರಿಂದ 75 ಗ್ರಾಂ. ಕಾಯಿಲೆ ಮನೇಲಿ ಎಲ್ಲರೂ ಕೊಡೋದು ಗಂಜಿ, ಸಾಬೂದಾನಿ, ಎಳನೀರು, ಅದ್ರಲ್ಲಿ ಪ್ರೋಟೀನ್ ಅಂದ್ರೆ ಹೆಸರಿಗಷ್ಟೇ. ಒಂದು ಲೋಟ ಹಾಲಲ್ಲಿ ಆರು ಗ್ರಾಂ ಸಿಗುತ್ತೆ, ಗಟ್ಟಿ ತೊವ್ವೆ, ಗಟ್ಟಿ ಮೊಸರು, ಪನೀರ್, ಹುರಿಗಡಲೆ ಪುಡಿ, ಕಡಲೆಕಾಯಿ, ಎರಡು ಗಂಟೆಗೊಮ್ಮೆ ಒಂದೊಂದು ತುತ್ತು. ಒತ್ತಾಯ ಮಾಡಿ ತಟ್ಟೆ ತುಂಬಾ ಬಡಿಸಬೇಡಿ, ನೋಡಿದ್ರೇ ವಾಕರಿಕೆ ಬರುತ್ತೆ ಅಂದ್ನಲ್ಲ, ಅದು ಹಠ ಅಲ್ಲ.

ಅಪ್ಪಂಗೆ ಮೊದ್ಲು ಕೇಳ್ಬೇಕಾದ ಪ್ರಶ್ನೆ ತೊಡೆ ಯಾಕೆ ಕರಗಿದೆ ಅಂತ. ಕಬ್ಬಿಣದಂಶ ನೋಡ್ಸಿದೀರಾ? ಹಿಮೋಗ್ಲೋಬಿನ್ ಸರಿ ಇದ್ರೂ ಸಾಲ್ದು. ಹಾರ್ಟ್ ಫೇಲ್ಯೂರಲ್ಲಿ ಫೆರಿಟಿನ್ 100ಕ್ಕಿಂತ ಕಮ್ಮಿ, ಅಥವಾ 100ರಿಂದ 299 ಇದ್ದು ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ 20ಕ್ಕಿಂತ ಕಮ್ಮಿ ಇದ್ರೆ ಕೊರತೆ ಅಂತ ಲೆಕ್ಕ, ಅದಕ್ಕೆ ಮಾತ್ರೆ ಅಲ್ಲ, ಡ್ರಿಪ್‌ನಲ್ಲಿ ಕಬ್ಬಿಣ ಕೊಟ್ರೆ ಸುಸ್ತು ಕಮ್ಮಿ ಆಗಿ ನಡಿಗೆ ಸುಧಾರಿಸುತ್ತೆ ಅಂತ 2009ರ ಫೇರ್-ಎಚ್ಎಫ್ ಟ್ರಯಲ್ ತೋರ್ಸಿದೆ. ವೆಜಿಟೇರಿಯನ್ ಮನೆ ಅಂದ್ರಲ್ಲ, ನನಗೆ ಅದಕ್ಕೇ ಮೊದ್ಲು ಕ್ರಿಯಾಟಿನ್ ಅಲ್ಲ, ಕಬ್ಬಿಣ ನೆನಪಾಗಿದ್ದು. ತೂಕ ನೋಡೋವಾಗ್ಲೂ ಹುಷಾರು, ಮಾಂಸ ಕರಗಿದ ಜಾಗಕ್ಕೆ ನೀರು ತುಂಬಿದ್ರೆ ತಕ್ಕಡಿ ಅದೇ ನಂಬರ್ ತೋರಿಸುತ್ತೆ, ಹಾಗಾಗಿ ತೊಡೆ ಸುತ್ತಳತೆ, ಬೆಲ್ಟಿನ ತೂತು ನೋಡಿ.

ಆಮೇಲೆ ವ್ಯಾಯಾಮ. ಬೆಲ್ಜಿಯಂ ಟ್ರಯಲ್‌ನಲ್ಲಿ ಎರಡೂ ಗುಂಪಿಗೆ ಕೆಲಸ ಮಾಡಿದ್ದು ಅದೇ. 2021ರ ರಿಹ್ಯಾಬ್-ಎಚ್ಎಫ್ ಟ್ರಯಲ್‌ನಲ್ಲಿ ಹಾರ್ಟ್ ಫೇಲ್ಯೂರ್‌ಗೆ ಆಸ್ಪತ್ರೆ ಸೇರಿದ್ದ 349 ಜನ ವಯಸ್ಸಾದೋರಲ್ಲಿ ಅರ್ಧ ಜನಕ್ಕೆ ಬಲ, ಸಮತೋಲನ, ನಡಿಗೆ ಎಲ್ಲಾ ಸೇರಿಸಿ ಹೇಳ್ಕೊಟ್ರು, ಮಿಕ್ಕೋರಿಗಿಂತ ಅವರಿಗೆ ಕುರ್ಚಿಯಿಂದ ಏಳೋದು ನಡೆಯೋದು ಸ್ಪಷ್ಟವಾಗಿ ಸುಧಾರಿಸ್ತು. ಹಾರ್ಟ್ ಡಾಕ್ಟ್ರು ಒಪ್ಪಿದ್ರೆ ಮನೇಲೇ ಶುರು ಮಾಡಿ. ಕೈ ಇರೋ ಗಟ್ಟಿ ಕುರ್ಚಿ, ಗೋಡೆಗೆ ಒರಗಿಸಿ, ಬೇಕಾದ್ರೆ ಮೇಲೆ ಒಂದು ದಿಂಬು ಹಾಕಿ ಎತ್ತರ ಮಾಡಿ. ಏಳೋದು ಕೂರೋದು ಐದು ಸಲ, ಉಸಿರು ಬಿಗಿ ಹಿಡಿಬಾರ್ದು, ಏಳೋವಾಗ ಉಸಿರು ಬಿಡ್ಬೇಕು, ಎರಡು ನಿಮಿಷ ಕೂತು ಇನ್ನೊಂದು ಐದು. ಮಾಡ್ತಾ ಮಾತಾಡೋಕೆ ಆಗ್ಬೇಕು, ಆಗ್ತಿಲ್ಲ ಅಂದ್ರೆ ಜಾಸ್ತಿ ಆಯ್ತು. ಎದೆ ನೋವು, ತಲೆ ಸುತ್ತು ಬಂದ್ರೆ ಅಲ್ಲಿಗೇ ನಿಲ್ಸಿ. ಎರಡು ವಾರಕ್ಕೊಮ್ಮೆ ದಿಂಬು ತೆಗಿಯೋದು, ಕೈ ಊರೋದು ಕಮ್ಮಿ ಮಾಡೋದು.

ಇದನ್ನ ಒಂದೆರಡು ತಿಂಗಳು ನಿಯತ್ತಾಗಿ ಮಾಡಿ, ಕಬ್ಬಿಣ ಸರಿ ಆಗಿ, ಆಮೇಲೂ ನಿಮಗೆ ಕ್ರಿಯಾಟಿನ್ ಕೊಡ್ಲೇಬೇಕು ಅಂತ ಇದ್ರೆ, ಕಾರ್ಡಿಯಾಲಜಿಸ್ಟೂ ಒಪ್ಪಿದ್ರೆ, ನಾನು ಜಗಳ ಆಡಲ್ಲ. ಲೋಡಿಂಗ್ ಮಾತ್ರ ಬೇಡವೇ ಬೇಡ. ದಿನಕ್ಕೆ 3 ಗ್ರಾಂ ಸುಮಾರು ನಾಲ್ಕು ವಾರ ಕೊಟ್ರೂ ಮಾಂಸಖಂಡ ಅಷ್ಟೇ ತುಂಬುತ್ತೆ ಅಂತ 1996ರಲ್ಲೇ ತೋರ್ಸಿದಾರೆ, ತೂಕ ಒಮ್ಮೆಲೇ ಏರಿ ಕ್ಯಾಲೆಂಡರ್ ಕೆಡಲ್ಲ. ಸ್ಕೂಪ್ ನಂಬಬೇಡಿ, ಒಂದೊಂದು ಡಬ್ಬಿದು ಒಂದೊಂದು ಅಳತೆ, ಅಡುಗೆ ತೂಕದ ಮೆಷಿನ್‌ನಲ್ಲಿ ತೂಗಿ. ಬರೀ ಕ್ರಿಯಾಟಿನ್ ಮೊನೊಹೈಡ್ರೇಟ್ ಇರ್ಲಿ, ಪ್ರೀ-ವರ್ಕೌಟ್ ಅಂತ ಬರೋದ್ರಲ್ಲಿ ಕೆಫೀನ್ ತುಂಬಿರ್ತಾರೆ, ಇಎಫ್ 30 ಇರೋ ಹೃದಯಕ್ಕೆ ಅದು ಬೇಡ. ಶುರು ಮಾಡೋ ಮುಂಚೆ ಕ್ರಿಯಾಟಿನಿನ್ ಮತ್ತೆ ಸಿಸ್ಟಾಟಿನ್ ಸಿ ಎರಡೂ, ನಾಲ್ಕು ವಾರಕ್ಕೆ ಮತ್ತೆ ಎರಡೂ. ಕ್ರಿಯಾಟಿನಿನ್ ಮಾತ್ರ ಸ್ವಲ್ಪ ಏರಿ ಸಿಸ್ಟಾಟಿನ್ ಸಿ ಅಲ್ಲೇ ಇದ್ರೆ ಪುಡಿ, ಎರಡೂ ಕೆಟ್ರೆ ಕಿಡ್ನಿ, ಪುಡಿ ಅವತ್ತೇ ನಿಲ್ಸಿ. ಭೇದಿ, ವಾಂತಿ, ಜ್ವರ ಬಂದ ದಿನವೂ ನಿಲ್ಸಿ. ಮಾತ್ರೆ ಚೀಟಿಯಲ್ಲಿ ಕೊನೇ ಸಾಲಲ್ಲಿ "ಕ್ರಿಯಾಟಿನ್ 3 ಗ್ರಾಂ" ಅಂತ ನೀವೇ ಬರೆದಿಡಿ, ಮೇಷ್ಟ್ರ ಮನೇಲಿ ಆ ಒಂದು ಸಾಲು ಇದ್ದಿದ್ರೆ ಮಾತ್ರೆ ನಿಲ್ತಿರ್ಲಿಲ್ಲ. ಮೊದಲ ದಿನ ಮೂವತ್ತು ಸೆಕೆಂಡಲ್ಲಿ ಎಷ್ಟು ಸಲ ಕುರ್ಚಿಯಿಂದ ಎದ್ರು ಅಂತ ಬರೆದಿಟ್ಕೊಂಡಿರಿ, ಮೂರು ತಿಂಗಳಾದ್ಮೇಲೂ ನಂಬರ್ ಅಲ್ಲೇ ಇದ್ರೆ ಪುಡಿ ಬಿಟ್ಬಿಡಿ.

ತೆಗೆದಿರೋ ಡಬ್ಬಿನ ನೀವೇ ಖಾಲಿ ಮಾಡಿ. ಅಂದ ಹಾಗೆ ಆಫೀಸಲ್ಲಿ ವರ್ಷಕ್ಕೊಮ್ಮೆ ಹೆಲ್ತ್ ಚೆಕಪ್ ಮಾಡಿಸ್ತಾರಲ್ಲ, ಅಲ್ಲಿ ನಿಮ್ಮ ಕ್ರಿಯಾಟಿನಿನ್ 1.3, 1.4 ಅಂತ ಬಂದ್ರೆ ಅಮ್ಮಂಗೆ ತೋರ್ಸೋ ಮುಂಚೆ ಡಾಕ್ಟ್ರಿಗೆ ಪುಡಿ ವಿಷಯ ಹೇಳಿ.